ಒಳಗೆ ಹೋಗದೆ ನಿಂತ ಗಂಟು

ಕೆಮ್ಮಿದಾಗ, ಮೂಟೆ ಎತ್ತಿದಾಗ, ಮಲಬದ್ಧತೆಯಿಂದ ತಿಣುಕಿದಾಗ ತೊಡೆಸಂದಿನಲ್ಲಿ ಒಂದು ಗಂಟು ಉಬ್ಬಿ ಬರುತ್ತದೆ. ಅಂಗಾತ ಮಲಗಿದರೆ ತಾನಾಗಿಯೇ ಒಳಗೆ ಸರಿದುಹೋಗುತ್ತದೆ. ಇಂಥ ಗಂಟು ಬಹುಪಾಲು ಹರ್ನಿಯಾ. ಹೆಚ್ಚು ನೋವಿರುವುದಿಲ್ಲ, ಸಂಜೆಯ ಹೊತ್ತಿಗೆ ಸ್ವಲ್ಪ ಭಾರ, ಸ್ವಲ್ಪ ಎಳೆತ, ಅಷ್ಟೆ. ಜಾಗವೂ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಹಾಗಾಗಿ ಎಷ್ಟೋ ಮಂದಿ ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಅದನ್ನು ಪಂಚೆಯ ಮರೆಯಲ್ಲೇ ಇಟ್ಟುಕೊಂಡಿರುತ್ತಾರೆ. ಗಂಟು ಸಲೀಸಾಗಿ ಒಳಗೆ ಹೋಗಿ ಬರುತ್ತಿರುವಷ್ಟು ದಿನ ತುರ್ತು ಅಪಾಯವಿಲ್ಲ. ಒಳಗೆ ಹೋಗುತ್ತಿದ್ದದ್ದು ಒಂದು ದಿನ ಹೋಗದೆ ನಿಂತಾಗ ಲೆಕ್ಕವೇ ಬದಲಾಗುತ್ತದೆ.

ಹೊಟ್ಟೆಯ ಗೋಡೆ ಸ್ನಾಯುಗಳ ಪದರಗಳಿಂದ ಆದದ್ದು. ತೊಡೆಸಂದಿನ ಬಳಿ ಆ ಪದರಗಳ ನಡುವೆ ಓರೆಯಾಗಿ ಸಾಗುವ, ಸುಮಾರು 4 ಸೆಂಟಿಮೀಟರ್ ಉದ್ದದ ಒಂದು ದಾರಿ ಇದೆ. ಗಂಡುಮಗು ಗರ್ಭದಲ್ಲಿರುವಾಗ ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ. ಅವು ಈ ದಾರಿಯಲ್ಲೇ ಇಳಿದು ಬಂದು ಚೀಲ ಸೇರುತ್ತವೆ. ಇಳಿದ ಮೇಲೆ ದಾರಿಯಲ್ಲಿ ಉಳಿದ ಪೊರೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಹಸುಗೂಸಿನಲ್ಲೇ ಹರ್ನಿಯಾ ಕಾಣಿಸಬಹುದು. ನಡುವಯಸ್ಸು ದಾಟಿದವರಲ್ಲಿ ಕಾರಣ ಬೇರೆ: ಅಲ್ಲಿನ ಗೋಡೆಯೇ ಸವೆದು ತೆಳುವಾಗಿರುತ್ತದೆ. ವರ್ಷಾನುಗಟ್ಟಲೆ ಬೀಡಿಯ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರಕ್ಕಾಗಿ ತಿಣುಕುವುದು, ಭಾರ ಹೊರುವ ಕೆಲಸ ಇವೆಲ್ಲ ಒಳಗಿನ ಒತ್ತಡ ಹೆಚ್ಚಿಸುತ್ತವೆ. ದುರ್ಬಲ ಜಾಗದಿಂದ ಹೊಟ್ಟೆಯೊಳಗಿನ ಕೊಬ್ಬೋ ಕರುಳಿನ ಸುತ್ತೋ ಹೊರಗೆ ತೂರಿಕೊಳ್ಳುತ್ತದೆ. ಈ ದಾರಿ ಗಂಡಸರಲ್ಲಿ ಅಗಲವಾಗಿರುವುದರಿಂದ ತೊಂದರೆ ಅವರಿಗೇ ಹೆಚ್ಚು.

ಒಂದು ಉದಾಹರಣೆ ಹಿಡಿದು ನೋಡೋಣ. ಅಡಿಕೆ ಮಂಡಿಯಲ್ಲಿ ಚೀಲ ಹೊರುವ, ಐವತ್ತೈದರ ಆಸುಪಾಸಿನ ಒಬ್ಬ ಹಮಾಲಿ ಇದ್ದಾನೆ ಎಂದುಕೊಳ್ಳಿ. ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು, ಎರಡು ವರ್ಷದಿಂದ ಇದೆ. ಮಲಗಿದರೆ ಹೋಗುತ್ತದೆ. ಒಂದು ಸಂಜೆ ಚೀಲ ಎತ್ತಿ ಲಾರಿಗೆ ಹಾಕುವಾಗ ಗಂಟು ಎಂದಿಗಿಂತ ದೊಡ್ಡದಾಗಿ ಬಂತು. ಮನೆಗೆ ಹೋಗಿ ಮಲಗಿದ, ಹೋಗಲಿಲ್ಲ. ಕೈಯಿಂದ ಒತ್ತಿದ, ನೋವಾಯಿತೇ ಹೊರತು ಜಗ್ಗಲಿಲ್ಲ.

ಒಳಗೆ ನಡೆಯುತ್ತಿರುವುದು ಇದು. ಹೊರಬಂದ ಕರುಳಿನ ಸುತ್ತು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡಿದೆ. ಬೆರಳಿಗೆ ದಾರ ಬಿಗಿದು ಸುತ್ತಿದರೆ ತುದಿ ಊದಿ ನೀಲಿಯಾಗುತ್ತದಲ್ಲ, ಹಾಗೆಯೇ ಇಲ್ಲೂ ಮೊದಲು ಒತ್ತಿಹೋಗುವುದು ರಕ್ತವನ್ನು ಹಿಂದಕ್ಕೆ ಒಯ್ಯುವ ತೆಳುಗೋಡೆಯ ನಾಳಗಳು. ರಕ್ತ ಒಳಬರುತ್ತದೆ, ಹೊರಹೋಗುವುದಿಲ್ಲ. ಕರುಳು ಊದುತ್ತದೆ, ಊದಿದಷ್ಟೂ ಬಿಗಿತ ಹೆಚ್ಚುತ್ತದೆ. ಕೊನೆಗೆ ರಕ್ತ ತರುವ ನಾಳವೂ ಮುಚ್ಚಿಹೋಗಿ, ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯತೊಡಗುತ್ತದೆ. ಸತ್ತ ಕರುಳು ತೂತಾದರೆ ಅದರೊಳಗಿನ ಮಲ, ಕ್ರಿಮಿಗಳು ಹೊರಗೆ ಸೋರಿ ಸೋಂಕು ಮೈಗೆಲ್ಲ ಹರಡುತ್ತದೆ.

ಹಮಾಲಿಯ ಮೈಯಲ್ಲಿ ಇದು ಒಂದೊಂದಾಗಿ ಕಾಣಿಸುತ್ತದೆ. ಮೆತ್ತಗಿದ್ದ ಗಂಟು ಗಟ್ಟಿಯಾಗುತ್ತದೆ, ಮುಟ್ಟಿದರೆ ಜೀವ ಹೋದಂತಾಗುತ್ತದೆ. ಮೊದಲೆಲ್ಲ ಕೆಮ್ಮಿದಾಗ ಹಿಗ್ಗುತ್ತಿದ್ದದ್ದು ಈಗ ಕೆಮ್ಮಿದರೂ ಅಲುಗುವುದಿಲ್ಲ. ಕರುಳಿನ ದಾರಿ ಕಟ್ಟಿದ್ದರಿಂದ ಹೊಟ್ಟೆ ಅಲೆಅಲೆಯಾಗಿ ಹಿಂಡುತ್ತದೆ, ವಾಂತಿ ಶುರುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಮಲವೂ ಗಾಳಿಯೂ ಹೋಗುವುದಿಲ್ಲ. ಗಂಟಿನ ಮೇಲಿನ ಚರ್ಮ ಕೆಂಪಾಗಿ ಆಮೇಲೆ ಕಪ್ಪಿಟ್ಟರೆ, ಜ್ವರ ಬಂದು ನಾಡಿ ಓಡತೊಡಗಿದರೆ ಒಳಗೆ ಕರುಳು ಸಾಯುತ್ತಿರಬಹುದು. ಇವೆಲ್ಲ ಒಟ್ಟಿಗೆ ಬರಲಿ ಎಂದು ಕಾಯಬಾರದು. ಗಂಟು ಒಳಗೆ ಹೋಗದೆ ನೋಯುತ್ತಿದೆ ಎಂಬುದೊಂದೇ ಆಸ್ಪತ್ರೆಗೆ ಹೊರಡಲು ಸಾಕು. ಇನ್ನೊಂದು ಮೋಸವೂ ಇದೆ: ಕರುಳು ಸತ್ತ ಮೇಲೆ ಕೆಲವೊಮ್ಮೆ ನೋವು ತಗ್ಗುತ್ತದೆ. ಬೆಳಗಿನ ಜಾವ ನೋವು ಕಡಿಮೆಯಾಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಸ್ಥಿತಿ ಕೈಮೀರಿರಬಹುದು.

ಆ ರಾತ್ರಿ ಮನೆಯಲ್ಲಿ ಮಾಡುವ ತಪ್ಪುಗಳೂ ಗೊತ್ತಿರುವಂಥವೇ. ಹೊಟ್ಟೆ ಕಟ್ಟಿದೆ ಎಂದು ಹರಳೆಣ್ಣೆ ಕುಡಿಸುತ್ತಾರೆ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ದೂಡಿದರೆ ವಾಂತಿ, ನೋವು ಹೆಚ್ಚುತ್ತವೆ. ಶಾಖ ಕೊಟ್ಟು ತಿಕ್ಕುತ್ತಾರೆ, ಬಲವಂತವಾಗಿ ಒಳಗೆ ನೂಕುತ್ತಾರೆ. ಬಿರುಸಾಗಿ ನೂಕಿದರೆ ಕರುಳು ಹರಿಯಬಹುದು. ಇಲ್ಲವೆ ಬಿಗಿದ ಬಾಯಿಯ ಸಮೇತ ಒಳಗೆ ಸರಿದು, ಹೊರಗೆ ಗಂಟು ಮಾಯವಾದರೂ ಒಳಗೆ ಕರುಳು ಸಾಯುತ್ತಲೇ ಇರಬಹುದು. ಮಾಡಬೇಕಾದದ್ದು ಇಷ್ಟು: ಮೊಣಕಾಲು ಮಡಚಿ ಅಂಗಾತ ಮಲಗಿಸಿ, ಬಾಯಿಗೆ ಏನನ್ನೂ ಕೊಡಬೇಡಿ. ನೀರೂ ಬೇಡ, ಏಕೆಂದರೆ ಅರಿವಳಿಕೆ ಕೊಡಬೇಕಾಗಬಹುದು. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ನೇರವಾಗಿ ಹೋಗಿ.

ಆಪರೇಷನ್ ಮಾಡುವ ಡಾಕ್ಟರು ಮೊದಲು ಬಿಗಿತ ಬಿಡಿಸಿ, ಕರುಳಿಗೆ ಬೆಚ್ಚನೆಯ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಕೆಲವು ನಿಮಿಷ ಕಾಯುತ್ತಾರೆ. ಬಣ್ಣ ಗುಲಾಬಿಗೆ ತಿರುಗಿ, ಕರುಳು ಮತ್ತೆ ಅಲೆಯಂತೆ ಚಲಿಸಿದರೆ ಅದು ಬದುಕಿದೆ, ಒಳಗೆ ಹಾಕುತ್ತಾರೆ. ಕಪ್ಪಾಗಿಯೇ ಉಳಿದರೆ ಆ ತುಂಡನ್ನು ಕತ್ತರಿಸಿ ಎರಡು ತುದಿ ಜೋಡಿಸಬೇಕಾಗುತ್ತದೆ. ಹಮಾಲಿ ಸಂಜೆಯೇ ಹೊರಟಿದ್ದರೆ ಮೊದಲನೆಯದರಲ್ಲೇ ಮುಗಿಯುವ ಸಾಧ್ಯತೆ ಹೆಚ್ಚಿತ್ತು. ಬೆಳಗಿನವರೆಗೆ ಕಾದರೆ ಎರಡನೆಯದು, ಜೊತೆಗೆ ಪ್ರಾಣಾಪಾಯ.

ಹಾಗೆಂದು ಹರ್ನಿಯಾ ಇರುವವರೆಲ್ಲ ಈ ರಾತ್ರಿಯೇ ಓಡಬೇಕಿಲ್ಲ. ಹೆಚ್ಚು ತೊಂದರೆಯಿಲ್ಲದ ಗಂಡಸರನ್ನು ಉತ್ತರ ಅಮೆರಿಕದಲ್ಲಿ ಗಮನಿಸುತ್ತ ಹೋದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಸಿಕ್ಕಿಕೊಳ್ಳುವ ಪ್ರಮಾಣ ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗಿಂತ ಕಡಿಮೆ ಇತ್ತು. ಆದರೆ ಕಾದು ನೋಡುತ್ತೇವೆ ಎಂದವರಲ್ಲಿ ಸುಮಾರು ಕಾಲು ಭಾಗದವರು ಎರಡೇ ವರ್ಷದಲ್ಲಿ, ಮುಖ್ಯವಾಗಿ ನೋವಿನಿಂದಾಗಿ, ಆಪರೇಷನ್‌ಗೆ ಬಂದರು. ಹರ್ನಿಯಾ ಮಾತ್ರೆ, ಲೇಹ್ಯ, ವ್ಯಾಯಾಮಗಳಿಂದ ಮುಚ್ಚಿಕೊಳ್ಳುವುದಿಲ್ಲ. ಬೆಲ್ಟ್ ಕಟ್ಟಿದರೆ ಗಂಟು ಅಡಗಬಹುದೇ ಹೊರತು ತೂತು ಹಾಗೇ ಇರುತ್ತದೆ. ಗೋಡೆಗೆ ಮೆಶ್ ಎಂಬ ತೆಳು ಜಾಲರಿ ಹೊಲಿದು ಭದ್ರಪಡಿಸುವುದು ಇಂದಿನ ಸಾಮಾನ್ಯ ವಿಧಾನ. ಮೊದಲೇ ದಿನ ಗೊತ್ತುಮಾಡಿ ಮಾಡಿಸಿಕೊಂಡರೆ ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಮತ್ತೆ ಮೂಟೆ ಹೊರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಡಬೇಕು.

ಇಬ್ಬರು ಮಾತ್ರ ಕಾಯುವಂತಿಲ್ಲ. ಒಂದು, ಕೂಸು: ಅತ್ತಾಗ ತೊಡೆಸಂದು ಉಬ್ಬಿದರೆ, ಅದರಲ್ಲೂ ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ, ಬೇಗ ಡಾಕ್ಟರಿಗೆ ತೋರಿಸಿ. ಇನ್ನೊಂದು, ಹೆಂಗಸರು, ಮುಖ್ಯವಾಗಿ ವಯಸ್ಸಾದವರು: ತೊಡೆಯ ರಕ್ತನಾಳದ ಪಕ್ಕದ ಸಂದಿಯಿಂದ ಬರುವ ಹರ್ನಿಯಾ ಅವರಲ್ಲಿ ಹೆಚ್ಚು. ಅದರ ಬಾಯಿ ಬಲು ಕಿರಿದು, ಸಿಕ್ಕಿಕೊಳ್ಳುವುದೂ ಬೇಗ. ಗಂಟು ಚಿಕ್ಕದಿರುವುದರಿಂದ ಗಮನಕ್ಕೇ ಬಾರದೆ, ವಾಂತಿ ಮತ್ತು ಹೊಟ್ಟೆನೋವು ಎಂದಷ್ಟೇ ಆಸ್ಪತ್ರೆಗೆ ಬರುವ ಅಜ್ಜಿಯರಿದ್ದಾರೆ. ಮನೆಯ ಹಿರಿಯರಿಗೆ ವಾಂತಿಯ ಜೊತೆ ಹೊಟ್ಟೆ ಉಬ್ಬಿದರೆ, ತೊಡೆಸಂದನ್ನೂ ಒಮ್ಮೆ ನೋಡಿ ಎಂದು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.