‘ನೀ’ ಇಲ್ಲದ ಮಾತು

ಸಿಂದಗಿಯ ನಮ್ಮ ಅಕ್ಕನ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ದಿನವೂ ಒಂದೇ ಮಾತು ಕೇಳುತ್ತಿತ್ತು: ‘ಎಷ್ಟೊತ್ತ ನೋಡ್ತೀಯೋ ನೀ ಅದನ್ನ, ಇಡು ಇನ್ನ.’ ಒಂಬತ್ತನೇ ತರಗತಿಯ ಅಳಿಯ ತಲೆ ಎತ್ತದೆ ‘ಐದ ಮಿನಿಟ್’ ಅನ್ನುತ್ತಿದ್ದ. ಅಕ್ಕನ ದನಿ ಏರುತ್ತಿತ್ತು, ಅವನು ಗೋಡೆಯ ಕಡೆ ಹೊರಳುತ್ತಿದ್ದ.

ಅಕ್ಕನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಬಿಡಿಸಿ ನೋಡಿದರೆ ಮೂರು ಮುಳ್ಳು ಸಿಗುತ್ತವೆ. ‘ಎಷ್ಟೊತ್ತ’ ಎನ್ನುವುದು ಉತ್ತರ ಬೇಡದ ಪ್ರಶ್ನೆ. ‘ನೀ’ ಎಂಬುದು ಎದೆಗೆ ನೆಟ್ಟ ಬೆರಳು. ‘ಇಡು’ ಎಂಬುದು ಅಪ್ಪಣೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ಬರೆದದ್ದು ಇದನ್ನೇ: ತನ್ನ ಆಯ್ಕೆಯನ್ನು ಯಾರೋ ಕಸಿಯುತ್ತಿದ್ದಾರೆ ಅನ್ನಿಸಿದ ಕೂಡಲೇ ಮನಸ್ಸು ಆ ಆಯ್ಕೆಯನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಹದಿನಾಲ್ಕರ ವಯಸ್ಸಿನಲ್ಲಿ ಆ ಹಿಡಿತ ಇನ್ನೂ ಗಟ್ಟಿ.

ಹಾಗಾದರೆ ಬೈಗುಳದಂತೆ ಕೇಳಿಸದ ಮಾತನ್ನು ಕಟ್ಟುವುದು ಹೇಗೆ? ಹಳೆಯ ಗಾದೆಯನ್ನೇ ಬಿಚ್ಚಿ ನೋಡೋಣ. ‘ಕೈ ಕೆಸರಾದರೆ ಬಾಯಿ ಮೊಸರು.’ ಇದು ಸೋಮಾರಿಗೆ ಹೇಳುವ ಮಾತು, ಆದರೂ ಇದರೊಳಗೆ ಸೋಮಾರಿ ಇಲ್ಲ. ‘ನೀನು’ ಇಲ್ಲ, ‘ದುಡಿ’ ಎಂಬ ಅಪ್ಪಣೆಯೂ ಇಲ್ಲ. ಇರುವುದು ಒಂದು ಕೈ, ಒಂದು ಬಾಯಿ, ನಡುವೆ ಒಂದು ‘ಆದರೆ’. ಮಾತ್ರೆ ಎಣಿಸಿದರೆ ಮೊದಲ ಅರ್ಧಕ್ಕೆ ಎಂಟು, ಎರಡನೆಯದಕ್ಕೆ ಆರು. ಎರಡು ಮಾತ್ರೆ ಮೊದಲೇ ಮುಗಿಯುವುದರಿಂದ ಮಾತು ತಟ್ಟನೆ ನೆಲಕ್ಕೆ ಕೂರುತ್ತದೆ. ಕೆಸರು, ಮೊಸರು ಎಂಬ ಪ್ರಾಸ ಅದನ್ನು ನೆನಪಿಗೆ ಕಟ್ಟಿಹಾಕುತ್ತದೆ.

‘ನೀ’ ತೆಗೆದ ಜಾಗದಲ್ಲಿ ಏನನ್ನು ಇಡಬೇಕು ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಎರಡು ದಾರಿಗಳಿವೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಎಷ್ಟೋ ವಚನಗಳಲ್ಲಿ ಊರಿನ ತಪ್ಪಿಗಿಂತ ಮೊದಲು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಾರೆ. ಅಲ್ಲಿ ‘ನೀ’ಯ ಜಾಗಕ್ಕೆ ‘ನಾನು’ ಬರುತ್ತದೆ. ಇನ್ನೊಂದು ದಾರಿ ಇಂಡಿ ಸೀಮೆಯದು. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹದ ಹೆಣ್ಣುಮಕ್ಕಳು ಮನುಷ್ಯರಿಗೆ ನೇರವಾಗಿ ಹೇಳಲಾಗದ್ದನ್ನು ಬೀಸುವ ಕಲ್ಲಿನ ಮುಂದೆ, ಶಿವನ ಮುಂದೆ ಹೇಳಿಕೊಂಡರು. ಅಲ್ಲಿ ಮಾತಿನ ಮುಖ ಬೇರೆ ಕಡೆ ತಿರುಗಿರುತ್ತದೆ. ಈ ಎರಡನೆಯ ದಾರಿಯಲ್ಲಿ ಎಚ್ಚರ ಬೇಕು. ಮಗ ಕೇಳಲೆಂದೇ ಪಕ್ಕದ ಮನೆಯವರಿಗೆ ‘ಕೆಲವರಿಗೆ ಕಣ್ಣ ಬ್ಯಾಡಾಗ್ಯಾವ್ರೀ’ ಎಂದರೆ ಅದು ಬರಿಯ ಕೊಂಕು. ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ.

ಒಂದು ರಾತ್ರಿ ಅಕ್ಕ, ನಾನು, ಅವಳ ಮಾವ (ಹುಡುಗನ ಮುತ್ಯಾ) ಕೂತು ಮಾತು ಕಟ್ಟತೊಡಗಿದೆವು. ಅಕ್ಕನ ಮೊದಲ ಮಾತು: ‘ರಾತ್ರಿ ಮೊಬೈಲ್ ನೋಡಿದರ ನಿದ್ದಿ ಕೆಡತದ.’ ನಿಜ, ಆದರೆ ಔಷಧದ ಚೀಟಿಯಂತೆ ಕೇಳಿಸಿತು. ಆಮೇಲೆ ನಾನು ಹುಮ್ಮಸ್ಸಿನಲ್ಲಿ ‘ನಿದ್ದಿ ಕೆಟ್ಟವ ಬುದ್ಧಿ ಕೆಟ್ಟವ’ ಅಂದೆ. ಪ್ರಾಸ ಸೊಗಸಾಗಿ ಕೂತಿತ್ತು, ಅದೇ ಅಪಾಯ. ಪ್ರಾಸ ಸಿಕ್ಕ ಸಂತೋಷದಲ್ಲಿ ಹುಡುಗನನ್ನು ಬುದ್ಧಿಗೇಡಿ ಮಾಡಿದ್ದೆ. ಈ ಕೆಲಸಕ್ಕೆ ಕೈ ಹಾಕಿದವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮೂರನೆಯದು ಅಕ್ಕನಿಂದಲೇ ಬಂತು: ‘ಮೊಬೈಲ್ ಚಾರ್ಜಿಗಿ, ನಾವು ಹಾಸಿಗಿಗಿ.’ ಇದು ಕೆಲಸಕ್ಕೆ ಬರುವ ಮಾತು. ಮೊಬೈಲನ್ನು ಕಸಿಯುತ್ತಿಲ್ಲ, ಅದಕ್ಕೂ ಮಲಗಲು ಜಾಗ ತೋರಿಸುತ್ತದೆ. ‘ನಾವು’ ಅಂದದ್ದರಿಂದ ಮನೆಮಂದಿಯೆಲ್ಲ ಅದರೊಳಗೆ ಬಂದರು. ಆದರೆ ಆ ‘ನಾವು’ ನಿಜವಾಗಿರಬೇಕು. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಎಂಟೂವರೆಯವರೆಗೆ ಟಿವಿ, ಮೊಬೈಲ್ ಬಂದ್ ಮಾಡುವ ರೂಢಿ ತಂದಿತು. ಆ ಕೂಗಿನಲ್ಲಿ ಒಂದು ಮಾತೂ ಇಲ್ಲ. ಅದು ಯಾವ ಹುಡುಗನ ಹೆಸರನ್ನೂ ಹಿಡಿಯುವುದಿಲ್ಲ, ಊರಿಗೆಲ್ಲ ಒಂದೇ ಸಮ ಕೇಳಿಸುತ್ತದೆ.

ಇಷ್ಟೊತ್ತೂ ಸುಮ್ಮನಿದ್ದ ಮುತ್ಯಾ ಹೊಲದ ಮಾತು ತೆಗೆದರು. ನಮ್ಮದು ಎರಿ ಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತಿದ ಮೇಲೆ ಮಳೆಯನ್ನು ನೆಚ್ಚುವ ಹಾಗಿಲ್ಲ. ಮೊದಲು ಬಿದ್ದ ಮಳೆಯನ್ನು ಕರಿಮಣ್ಣು ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ತೆನೆಯವರೆಗೂ ಬರಬೇಕು. ಆ ಹಸಿ ಆರದಿರಲೆಂದೇ ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ. ‘ಹಂಗ ಹುಡುಗನ ನಿದ್ದಿ. ರಾತ್ರಿ ಹಿಡದಿಟ್ಟದ್ದು ಮರುದಿನ ಸಂಜೀತನಕ ಬರಬೇಕು’ ಅಂದರು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ ಎಂಬುದೂ ನಿಜ. ಹುಡುಗ ಎದ್ದಿರುವುದೆಲ್ಲ ಹಟದಿಂದಲ್ಲ. ಇದನ್ನು ತಿಳಿದವರ ಬಾಯಲ್ಲಿ ಮಾತು ತಾನೇ ಮೆತ್ತಗಾಗುತ್ತದೆ.

ಮುತ್ಯಾನ ಹೊಲದ ಮಾತನ್ನು ಹಿಡಿದು, ಬೇಡದ್ದನ್ನು ಕೆತ್ತುತ್ತ ಬಂದಾಗ ಉಳಿದದ್ದು ನಾಲ್ಕು ಶಬ್ದ:

‘ಜ್ವಾಳಕ್ಕ ಹಸಿ, ನಾಳಿಗೆ ನಿದ್ದಿ.’

ಜೋಳಕ್ಕೆ ಹಸಿ ಹೇಗೋ ನಾಳೆಯ ದಿನಕ್ಕೆ ನಿದ್ದೆ ಹಾಗೆ. ಎರಡೂ ಕಡೆ ಏಳೇಳು ಮಾತ್ರೆ. ತಕ್ಕಡಿ ಎತ್ತಲೂ ವಾಲುವುದಿಲ್ಲ. ಎರಡನೆಯ ಅಕ್ಷರದಲ್ಲಿ ‘ಳ’ ಪ್ರಾಸ, ಅದರ ಹಿಂದೆ ಎರಡೂ ಕಡೆ ದೀರ್ಘ. ಗ್ರಾಂಥಿಕವಾಗಿ ‘ಜೋಳಕ್ಕೆ ತೇವ, ನಾಳೆಗೆ ನಿದ್ರೆ’ ಎಂದು ಬರೆದರೂ ಪ್ರಾಸ ಉಳಿಯುತ್ತದೆ, ಆದರೆ ಮುತ್ಯಾ ಹೋಗಿಬಿಡುತ್ತಾರೆ. ಮುಖ್ಯವಾಗಿ, ಇದರಲ್ಲಿ ಮೊಬೈಲಿನ ಹೆಸರೇ ಇಲ್ಲ. ಏನನ್ನು ಬಿಡಬೇಕೆಂದು ಹೇಳದೆ ಏನನ್ನು ಉಳಿಸಿಕೊಳ್ಳಬೇಕೆಂದು ಹೇಳಿ ನಿಲ್ಲುತ್ತದೆ. ನಡುವಿನ ಹೆಜ್ಜೆಯನ್ನು ಹುಡುಗನೇ ಇಡಬೇಕು. ತಾನೇ ಇಟ್ಟ ಹೆಜ್ಜೆಯ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹೊಲ ನೋಡದೆ ಪೇಟೆಯಲ್ಲೇ ಬೆಳೆದ ಹುಡುಗನಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಅವನ ಕಣ್ಣು ದಿನಾ ಏನನ್ನು ಕಾಣುತ್ತದೋ ಅದರಿಂದ ಬೇರೆ ಮಾತು ಕಟ್ಟಬೇಕು.

ಮಾತು ಕೆಡುವುದು ಬಳಕೆಯಲ್ಲಿ. ದಿನಕ್ಕೆ ಒಮ್ಮೆ ಅಂದರೆ ಗಾದೆ. ಮೂರು ಸಲ ಅಂದರೆ ಅದೂ ‘ಇಡು ಇನ್ನ’ ಆಗುತ್ತದೆ. ಹುಡುಗ ಆಟದ ನಡುವೆ ಇದ್ದಾಗ, ಗೆಳೆಯರು ಎದುರಿಗಿದ್ದಾಗ ಅನ್ನಬಾರದು. ಹಾಸಿಗೆ ಕೊಡವುವ ಹೊತ್ತು ಸರಿಯಾದದ್ದು. ಊಟ, ಶಾಲೆ, ಗೆಳೆಯರು ಎಲ್ಲವನ್ನೂ ಬಿಟ್ಟು ಪರದೆಗೆ ಅಂಟಿಕೊಂಡ ಮಗುವಿಗೆ ಯಾವ ಗಾದೆಯೂ ಸಾಲದು. ವೈದ್ಯರ ಹತ್ತಿರ ಕರೆದೊಯ್ಯಬೇಕು.

ಕಟ್ಟಿದ ಮಾತು ಬೈಗುಳವೋ ಅಲ್ಲವೋ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದೇ: ಅದನ್ನು ಮಕ್ಕಳು ಹಿರಿಯರಿಗೆ ತಿರುಗಿ ಹೇಳಬಹುದೇ? ‘ಇಡು ಇನ್ನ’ ಎಂದು ಮಗ ಅಪ್ಪನಿಗೆ ಅಂದರೆ ಉದ್ಧಟತನವಾಗುತ್ತದೆ. ಮುತ್ಯಾನ ಮಾತಿಗೆ ಆ ತೊಡಕಿಲ್ಲ.

ಹೋದ ತಿಂಗಳು ಸಿಂದಗಿಗೆ ಹೋದಾಗ ರಾತ್ರಿ ಹತ್ತಾಗಿತ್ತು. ಭಾವ ಕಟ್ಟೆಯ ಮೇಲೆ ಕೂತು ಕ್ರಿಕೆಟ್ ನೋಡುತ್ತಿದ್ದರು. ಅಳಿಯ ಹಾಸಿಗೆ ಹಾಸುತ್ತಲೇ ಒಳಗಿನಿಂದ ‘ಯಪ್ಪಾ, ಜ್ವಾಳಕ್ಕ ಹಸಿ...’ ಎಂದು ಅರ್ಧ ಹೇಳಿ ನಿಲ್ಲಿಸಿದ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾಳಿಗೆ ನಿದ್ದಿ’ ಎಂದು ಮುಗಿಸಿ ಎದ್ದು ಬಂದು, ಮೊಬೈಲನ್ನು ಮಗನ ಮೊಬೈಲಿನ ಪಕ್ಕ ಚಾರ್ಜಿಗೆ ಹಚ್ಚಿದರು.