ಒಂದು ಊಟ, ಎರಡು ಕ್ಲೇಮು

ಕಂಪನಿ ಕೆಲಸಕ್ಕೆ ಊರೂರು ತಿರುಗುವವರು ವಾಪಸು ಬಂದ ಮೇಲೆ ಬಿಲ್ಲು ಕೊಟ್ಟು ಖರ್ಚಿನ ಹಣ ಕೇಳುತ್ತಾರೆ. ಅವುಗಳಲ್ಲಿ ನಿಯಮ ಮೀರಿದವು ಯಾವುವು, ಎರಡು ಸಲ ಬಂದವು ಯಾವುವು ಎಂದು ಗುರುತು ಹಾಕಿದ ವರದಿ ವಾರಕ್ಕೊಮ್ಮೆ ಲೆಕ್ಕಪತ್ರ ವಿಭಾಗದ ಮುಂದೆ ಬರುತ್ತದೆ. ಮಿತಿ ಮೀರಿದ್ದನ್ನು ಹಿಡಿಯುವುದು ಸುಲಭ. ಲಾಡ್ಜಿಗೆ ದಿನಕ್ಕೆ 3,000 ರೂಪಾಯಿ ಎಂದಿರುವಾಗ 3,400ರ ಬಿಲ್ಲು ಬಂದರೆ ಕಂಪ್ಯೂಟರೇ ಕೆಂಪು ಗುರುತು ಹಾಕುತ್ತದೆ. ಕಷ್ಟ ಇರುವುದು ಎರಡನೆಯದರಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹುಬ್ಬಳ್ಳಿಗೆ ಹೋದ ಇಬ್ಬರು ಸಹೋದ್ಯೋಗಿಗಳು ರಾತ್ರಿ ಒಟ್ಟಿಗೆ ಊಟ ಮಾಡುತ್ತಾರೆ. ಊಟಕ್ಕೆ 1,800, ಶೇ. 5 ಜಿಎಸ್‌ಟಿ 90, ಒಟ್ಟು 1,890 ರೂಪಾಯಿ. ಒಬ್ಬರು ಬಿಲ್ಲಿನ ಫೋಟೊ ಹಾಕಿ ‘ಇಬ್ಬರ ಊಟ’ ಎಂದು ಬರೆಯುತ್ತಾರೆ. ದುಡ್ಡು ಕೊಟ್ಟ ಇನ್ನೊಬ್ಬರು ತಮ್ಮ ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಹಾಕಿ ಅದನ್ನೇ ಬರೆಯುತ್ತಾರೆ. ತಲೆಗೆ 1,000 ರೂಪಾಯಿ ಮಿತಿ ಎಂದರೆ ಎರಡೂ ಕ್ಲೇಮು ನಿಯಮದೊಳಗೇ ಇವೆ. ಬಿಲ್ಲಿನಲ್ಲಿರುವುದು ಬಿಲ್ ನಂಬರು, ಸ್ಕ್ರೀನ್‌ಶಾಟಿನಲ್ಲಿರುವುದು 12 ಅಂಕಿಗಳ ಯುಪಿಐ ನಂಬರು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಿಲ್ಲಿನ ಮೇಲೆ ಹೋಟೆಲಿನ ಹೆಸರು, ಫೋನಿನಲ್ಲಿ ಮಾಲೀಕರ ಹೆಸರು. ಬಿಲ್ಲು ಹರಿದದ್ದು 11.50ಕ್ಕೆ, ದುಡ್ಡು ಹೋದದ್ದು 12.05ಕ್ಕೆ, ಹಾಗಾಗಿ ತಾರೀಕೂ ಬೇರೆ!

ಆದ್ದರಿಂದ ಬಿಲ್ ನಂಬರೊಂದನ್ನೇ ನೋಡುವ ತಪಾಸಣೆ ಇಲ್ಲಿ ಸೋಲುತ್ತದೆ. ಮೊತ್ತ ಪೈಸೆ ಸಮೇತ ಒಂದೇ, ತಾರೀಕು ಹೆಚ್ಚೆಂದರೆ ಒಂದು ದಿನ ಆಚೀಚೆ, ಇಬ್ಬರೂ ಅದೇ ಊರಿನಲ್ಲಿದ್ದರು: ಈ ಮೂರೂ ಕೂಡಿದರೆ ಗುರುತು ಬೀಳಬೇಕು. ಈ ವಾರದ ಕ್ಲೇಮುಗಳನ್ನು ಪರಸ್ಪರ ಹೋಲಿಸಿದರೂ ಸಾಲದು. ಒಂದೇ ಬಿಲ್ಲು ಎರಡು ತಿಂಗಳು ಬಿಟ್ಟು ಮತ್ತೆ ಬರುವುದುಂಟು. ಹಿಂದೆ ಹಣ ಕೊಟ್ಟಾದ ಕಡತದೊಂದಿಗೂ ತಾಳೆ ನೋಡಬೇಕು.

ಬಲೆ ಹೀಗೆ ಹಿಗ್ಗಿದಾಗ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ದಿನಾ ಅದೇ ಮೆಟ್ರೊ ದರ, ಹೋಗುವಾಗಲೂ ಬರುವಾಗಲೂ ಅದೇ ಟೋಲ್. ಇಂಥವನ್ನು ಬೇರ್ಪಡಿಸುವುದು ರಸೀದಿಯ ಮೇಲಿನ ಗಂಟೆ-ನಿಮಿಷ. ಸಣ್ಣ, ನಿಗದಿತ ದರದ ಖರ್ಚುಗಳನ್ನು ಮೊತ್ತದ ಹೋಲಿಕೆಯಿಂದ ಹೊರಗಿಡದಿದ್ದರೆ ವರದಿ ಪುಟಗಟ್ಟಲೆ ಬೆಳೆಯುತ್ತದೆ, ಮೂರನೇ ವಾರಕ್ಕೆ ಯಾರೂ ಓದುವುದಿಲ್ಲ.

ವರದಿಯ ಸಾಲಿನಲ್ಲಿ ‘ನಕಲಿ ಬಿಲ್ಲು’ ಎಂಬ ತೀರ್ಪು ಬೇಡ. ಹುಬ್ಬಳ್ಳಿಯ ಇಬ್ಬರೂ ಸುಳ್ಳು ಹೇಳಿಲ್ಲ, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಅಷ್ಟೆ. ಎರಡೂ ಕ್ಲೇಮಿನ ನಂಬರು, ಏನು ತಾಳೆಯಾಯಿತು ಎಂಬ ಒಂದು ವಾಕ್ಯ, ಹಣ ಕೊಟ್ಟಾಗಿದೆಯೇ ಇಲ್ಲವೇ, ಇಷ್ಟಿದ್ದರೆ ಸಾಕು. ನನ್ನ ಮಟ್ಟಿಗೆ ಕೊನೆಯ ಕಲಮೇ ಮುಖ್ಯ. ಹಣ ಕೊಟ್ಟಿರದಿದ್ದರೆ ಕ್ಲೇಮನ್ನು ತಡೆದು ಒಂದು ಮಾತು ಕೇಳಿದರೆ ಮುಗಿಯಿತು. ಕೊಟ್ಟಾಗಿದ್ದರೆ ಮುಂದಿನ ಸಂಬಳದಲ್ಲಿ ಹಿಡಿಯುವ ಮುಜುಗರ ಎರಡೂ ಕಡೆಗೆ.