ಒಂದೇ ಜೀನು, ಎರಡು ಬಾಲ

ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಬೀದಿಯ ಲ್ಯಾಬಿನ ಮುಂದೆ ಜ್ವರದವರ ಸಾಲು ನಿಲ್ಲುತ್ತದೆ. ಡೆಂಗಿ ಪರೀಕ್ಷೆಯ ರಿಪೋರ್ಟಿನಲ್ಲಿ ಎನ್‌ಎಸ್‌1, ಐಜಿಎಂ, ಐಜಿಜಿ ಎಂದು ಮೂರು ಸಾಲು ಇರುತ್ತವೆ. ಜ್ವರ ಬಂದ ಎರಡನೇ ದಿನವೇ ರಕ್ತ ಕೊಟ್ಟವರಿಗೆ ಸಾಮಾನ್ಯವಾಗಿ ಐಜಿಎಂ ನೆಗೆಟಿವ್. ನಾಲ್ಕೈದು ದಿನ ಕಳೆದ ಮೇಲೆ ಅದೇ ಪಾಸಿಟಿವ್ ಆಗುತ್ತದೆ. ಹಾಗಾದರೆ ಐಜಿಎಂ ಎಂಬ ಪ್ರತಿಕಾಯ ಅಷ್ಟು ದಿನ ಎಲ್ಲಿತ್ತು?

ಅದರ ಒಂದು ರೂಪ ಮೊದಲಿನಿಂದಲೂ ಮೈಯಲ್ಲಿತ್ತು. ಆದರೆ ಅದು ರಕ್ತದಲ್ಲಿ ತೇಲುತ್ತಿರಲಿಲ್ಲ, ಬಿ ಜೀವಕೋಶಗಳ ಹೊರಪೊರೆಗೆ ನೆಟ್ಟುಕೊಂಡಿತ್ತು. ತನಗೆ ಒಪ್ಪುವ ವೈರಸ್ ಸಿಕ್ಕಿತೇ ಎಂದು ತಡವಿ ನೋಡುವುದು ಅದರ ಕೆಲಸ. ಸಿಕ್ಕಿದ ಕೋಶ ಒಂದು ನೂರಾಗಿ, ನೂರು ಸಾವಿರವಾಗಿ, ಕೊನೆಗೆ ಪ್ಲಾಸ್ಮಾ ಕೋಶಗಳಾಗಿ ಮಾರ್ಪಟ್ಟು ಅದೇ ಐಜಿಎಂ ಅನ್ನು ರಕ್ತಕ್ಕೆ ಸುರಿಯತೊಡಗುತ್ತದೆ. ಪರೀಕ್ಷೆಗೆ ಸಿಗುವುದು ಹೀಗೆ ಸುರಿದದ್ದು. ನೆಟ್ಟದ್ದಕ್ಕೂ ಸುರಿದದ್ದಕ್ಕೂ ವೈರಸ್ಸನ್ನು ಹಿಡಿಯುವ ತುದಿ ಒಂದೇ, ಅವೆರಡರ ಭಾರದ ಸರಪಳಿಯನ್ನು ಬರೆಸುವ ಜೀನೂ ಒಂದೇ. ಬೇರೆಯಾಗಿರುವುದು ಬಾಲ ಮಾತ್ರ. ಆ ಬಾಲ ಯಾವುದಿರಬೇಕು ಎಂಬುದು ಜೀನಿನಲ್ಲಿ ತೀರ್ಮಾನವಾಗುವುದಿಲ್ಲ, ಜೀನಿನ ನಕಲನ್ನು ತಿದ್ದುವಾಗ ತೀರ್ಮಾನವಾಗುತ್ತದೆ.

ಕೋಶಕೇಂದ್ರದಲ್ಲಿ ಜೀನಿನಿಂದ ಬರೆದುಕೊಂಡ ಆರ್‌ಎನ್‌ಎ ನಕಲು ಹಾಗೇ ಹೊರಗೆ ಬಂದು ಪ್ರೋಟೀನ್ ಮಾಡಿಸುವುದಿಲ್ಲ. ಅದು ಹಸಿ ಪ್ರತಿ. ಬರವಣಿಗೆ ಇಪ್ಪತ್ತು-ಮೂವತ್ತು ಅಕ್ಷರ ಸಾಗುವಷ್ಟರಲ್ಲೇ ಅದರ ತಲೆಗೆ ಒಂದು ಟೋಪಿ ಬೀಳುತ್ತದೆ: ಮೀಥೈಲ್ ಸೇರಿದ ಒಂದು ಗ್ವಾನೋಸಿನ್, ಅದೂ ತಿರುಗುಮುರುಗಾಗಿ ಕೂತದ್ದು. ಆರ್‌ಎನ್‌ಎಯನ್ನು ತುದಿಯಿಂದ ಮೆಲ್ಲುವ ಕಿಣ್ವಗಳಿಗೆ ಆ ತಿರುಗಿದ ತಲೆ ಹಲ್ಲಿಗೆ ಸಿಗುವುದಿಲ್ಲ. ಮುಂದೆ ರೈಬೋಸೋಮ್ ಓದಲು ಬರುವುದೂ ಸಾಮಾನ್ಯವಾಗಿ ಈ ಟೋಪಿಯ ಗುರುತು ಹಿಡಿದೇ.

ನಂತರದ್ದು ಕತ್ತರಿ ಕೆಲಸ. ನಕಲಿನಲ್ಲಿ ಬೇಕಾದ ತುಂಡುಗಳ ನಡುವೆ ಬೇಡದವು ಸೇರಿಕೊಂಡಿರುತ್ತವೆ. ಬೇಕಾದವು ಎಕ್ಸಾನ್, ಬೇಡದವು ಇಂಟ್ರಾನ್. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಅಡಿನೊವೈರಸ್‌ನಲ್ಲಿ ಇದನ್ನು ಕಂಡುಕೊಂಡವು, 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಟ್ರಾನ್ ಸಾಮಾನ್ಯವಾಗಿ GU ಎಂದು ಶುರುವಾಗಿ AG ಎಂದು ಮುಗಿಯುತ್ತದೆ. ಸ್ಪ್ಲೈಸಿಯೋಸೋಮ್ ಎಂಬ ದೊಡ್ಡ ಯಂತ್ರ GU ಕಡೆ ಕತ್ತರಿಸಿ, ಆ ತುದಿಯನ್ನು ಇಂಟ್ರಾನಿನ ಒಳಗಿರುವ ಒಂದು A ಅಕ್ಷರಕ್ಕೆ ಕುಣಿಕೆಯ ಹಾಗೆ ಕಟ್ಟಿ, ಆಮೇಲೆ AG ಕಡೆ ಬಿಡಿಸಿ ಎರಡು ಎಕ್ಸಾನುಗಳನ್ನು ಬೆಸೆಯುತ್ತದೆ. ಇಲ್ಲಿ ಒಂದೇ ಅಕ್ಷರ ತಪ್ಪಿದರೂ ಕೆಲಸ ಕೆಟ್ಟಿತು. ಪ್ರೋಟೀನಿನ ಲಿಪಿಯನ್ನು ಓದುವುದು ಮೂರು ಮೂರು ಅಕ್ಷರಗಳಾಗಿ. ‘ರಮಣ ಕಮಲ ನಗರ’ ಎಂಬಲ್ಲಿ ಮೊದಲ ಅಕ್ಷರ ಬಿಟ್ಟು ಮೂರರಂತೆ ಓದಿದರೆ ‘ಮಣಕ ಮಲನ ಗರ’ ಆಗುತ್ತದೆ. ಅಲ್ಲಿಂದ ಮುಂದಕ್ಕೆ ಯಾವ ಪದವೂ ಕೂಡಿಬರುವುದಿಲ್ಲ.

ಕೊನೆಯದು ಬಾಲ. ನಕಲಿನಲ್ಲಿ AAUAAA ಎಂಬ ಗುರುತು ಬಂದರೆ ಅದರಿಂದ ಹತ್ತು-ಮೂವತ್ತು ಅಕ್ಷರ ಮುಂದೆ ಆರ್‌ಎನ್‌ಎ ಕತ್ತರಿಸಲ್ಪಟ್ಟು, ಆ ತುದಿಗೆ ಸುಮಾರು ಇನ್ನೂರು A ಅಕ್ಷರಗಳು ಸಾಲಾಗಿ ಅಂಟಿಕೊಳ್ಳುತ್ತವೆ. ಆ ಸಾಲು ಜೀನಿನಲ್ಲಿ ಎಲ್ಲಿಯೂ ಬರೆದಿಲ್ಲ. ಪಾಠ್ಯಪುಸ್ತಕಗಳು ಟೋಪಿ, ಕತ್ತರಿ, ಬಾಲ ಎಂದು ಮೂರನ್ನು ಒಂದರ ಹಿಂದೊಂದು ಬರುವ ಹಂತಗಳಂತೆ ಚಿತ್ರ ಬರೆಯುತ್ತವೆ. ನನಗೆ ಆ ಚಿತ್ರದ ಮೇಲೆ ಸಣ್ಣ ತಕರಾರಿದೆ. ಬರವಣಿಗೆ ನಡೆಯುತ್ತಿರುವಾಗಲೇ ಕತ್ತರಿಯೂ ಬಾಲವೂ ತಮ್ಮ ತಮ್ಮ ಗುರುತಿಗಾಗಿ ಕಾದಿರುತ್ತವೆ. ಐಜಿಎಂ ಜೀನಿನಲ್ಲಂತೂ ಇವೆರಡೂ ನೇರ ಪೈಪೋಟಿಗೆ ಬೀಳುತ್ತವೆ.

ಆ ಜೀನಿನ ಕೊನೆಯ ಭಾಗವನ್ನು ಹತ್ತಿರದಿಂದ ನೋಡೋಣ. ಪ್ರತಿಕಾಯದ ಕಾಂಡವನ್ನು ಬರೆಸುವ ನಾಲ್ಕು ಎಕ್ಸಾನುಗಳು ಸಾಲಾಗಿವೆ. ನಾಲ್ಕನೆಯದರ ತುದಿಗೆ ಅಂಟಿದಂತೆ 20 ಅಮೈನೋ ಆಮ್ಲಗಳ ಒಂದು ಬಾಲದ ಲಿಪಿ, ಅದರಾಚೆ ಮೊದಲ AAUAAA. ಅಲ್ಲಿಂದ ಸುಮಾರು ಎರಡು ಸಾವಿರ ಅಕ್ಷರ ದೂರದಲ್ಲಿ ಎಂ1, ಎಂ2 ಎಂಬ ಎರಡು ಪುಟ್ಟ ಎಕ್ಸಾನುಗಳು, ಅವುಗಳ ಆಚೆ ಎರಡನೇ ಬಾಲದ ಗುರುತು. ಇಷ್ಟೇ ಅಲ್ಲ, ನಾಲ್ಕನೇ ಎಕ್ಸಾನಿನ ಒಳಗೇ, ಆ 20ರ ಬಾಲ ಶುರುವಾಗುವ ಜಾಗದಲ್ಲಿ, ಒಂದು GU ಅಡಗಿದೆ. ಅದನ್ನು ಕತ್ತರಿಯ ಗುರುತಾಗಿಯೂ ಓದಬಹುದು, ಕಡೆಗಣಿಸಿ ಮುಂದಕ್ಕೂ ಹೋಗಬಹುದು.

ಮೊದಲ ಬಾಲದ ಗುರುತಿನಲ್ಲೇ ನಕಲು ಕತ್ತರಿಸಿಹೋದರೆ ಎಂ1, ಎಂ2 ಆ ನಕಲಿಗೆ ಸೇರುವ ಮಾತೇ ಇಲ್ಲ. ಆಗ ಪ್ರೋಟೀನಿಗೆ 20ರ ಬಾಲ. ಅದರ ಕೊನೆಯಿಂದ ಎರಡನೆಯದು ಸಿಸ್ಟೀನ್, ಅದು ಪಕ್ಕದ ಐಜಿಎಂ ಜೊತೆ ಗಂಧಕದ ಬೆಸುಗೆ ಹಾಕಿಕೊಳ್ಳುತ್ತದೆ. ಹೀಗೆ ಐದು ಸೇರಿ ಹತ್ತು ಹಿಡಿಗಳ ಚಕ್ರವಾಗಿ ರಕ್ತಕ್ಕೆ ಇಳಿಯುತ್ತವೆ. ಬದಲಿಗೆ ಬರವಣಿಗೆ ಎಂ1 ತಲುಪಿ, ಒಳಗಿನ GU ಅದಕ್ಕೆ ಬೆಸೆದುಕೊಂಡರೆ 20ರ ಬಾಲದ ಲಿಪಿಯೂ ಮೊದಲ AAUAAAಯೂ ಇಂಟ್ರಾನಿನ ಪಾಲಾಗಿ ಕಸದಬುಟ್ಟಿ ಸೇರುತ್ತವೆ. ಪ್ರೋಟೀನಿಗೆ ಬರುವುದು 41ರ ಬಾಲ. ಅದರ ನಡುವಿನ ಭಾಗ ನೀರಿಗೆ ಒಲ್ಲದ, ಕೊಬ್ಬಿಗೆ ಒಲಿಯುವ ಅಮೈನೋ ಆಮ್ಲಗಳದ್ದು, ಹಾಗಾಗಿ ಅದು ಕೋಶಪೊರೆಯಲ್ಲಿ ಗೂಟದಂತೆ ನಿಲ್ಲುತ್ತದೆ. ಕೋಶದ ಒಳಕ್ಕೆ ಇಣುಕುವುದು ಮೂರೇ ಮೂರು ಅಮೈನೋ ಆಮ್ಲ. ಸುದ್ದಿ ಒಳಗೆ ಮುಟ್ಟಿಸಲು ಅದಕ್ಕೆ ಪಕ್ಕದಲ್ಲಿ ಬೇರೆ ಪ್ರೋಟೀನ್‌ಗಳ ನೆರವು ಬೇಕು.

ಇದನ್ನು ಬಿಡಿಸಿದ ಮೂರು ಲೇಖನಗಳು 1980ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಒಟ್ಟಿಗೆ ಬಂದವು. ಡೇವಿಡ್ ಬಾಲ್ಟಿಮೋರ್, ಲೀರಾಯ್ ಹುಡ್, ರಾಂಡಾಲ್ಫ್ ವಾಲ್ ಅವರ ಪ್ರಯೋಗಾಲಯಗಳ ಕೆಲಸ ಅದು. ಇಲಿಯ ಕೋಶಗಳ ಆರ್‌ಎನ್‌ಎಯನ್ನು ಜೆಲ್ಲಿನಲ್ಲಿ ಓಡಿಸಿ ಈ ಜೀನಿನ ನಕಲುಗಳನ್ನು ಹುಡುಕಿದಾಗ ಒಂದರ ಬದಲು ಎರಡು ಪಟ್ಟಿ ಕಂಡವು: ಸುಮಾರು 2,400 ಅಕ್ಷರದ್ದೊಂದು, 2,700 ಅಕ್ಷರದ್ದೊಂದು. ಚಿಕ್ಕದು ಸುರಿಯುವ ರೂಪಕ್ಕೆ, ದೊಡ್ಡದು ನೆಟ್ಟ ರೂಪಕ್ಕೆ.

ಪೈಪೋಟಿಯಲ್ಲಿ ಗೆಲ್ಲುವುದು ಯಾರು? ಬರೆಯುವ ಕಿಣ್ವ ನಿಮಿಷಕ್ಕೆ ಎರಡು-ಮೂರು ಸಾವಿರ ಅಕ್ಷರ ಬರೆಯುತ್ತದೆ ಎಂದಿಟ್ಟುಕೊಂಡರೆ ಮೊದಲ ಬಾಲದ ಗುರುತಿಗೆ ಹೆಚ್ಚುಕಡಿಮೆ ಒಂದು ನಿಮಿಷದ ಮುಂಗಡ ಸಿಗುತ್ತದೆ. ಆದರೆ ಆ ಗುರುತು ಸೊರಗಿದ್ದು, ಬಾಲ ಕತ್ತರಿಸುವ ತಂಡ ಅಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಆ ತಂಡದಲ್ಲಿ ಸಿಎಸ್‌ಟಿಎಫ್-64 ಎಂಬ ಪ್ರೋಟೀನ್ ಒಂದಿದೆ. ವಿಶ್ರಮಿಸುತ್ತಿರುವ ಬಿ ಕೋಶದಲ್ಲಿ ಅದರ ಪ್ರಮಾಣ ಕಡಿಮೆ, ಹಾಗಾಗಿ ಮುಂಗಡ ಇದ್ದರೂ ಅವಕಾಶ ಕೈತಪ್ಪಿ ಕತ್ತರಿಗೆ ಎಂ1 ಸಿಗುತ್ತದೆ. ಕೋಶ ಪ್ಲಾಸ್ಮಾ ಕೋಶವಾಗುತ್ತ ಹೋದಂತೆ ಈ ಪ್ರೋಟೀನ್ ಹೆಚ್ಚುತ್ತದೆ, ಮೊದಲ ಗುರುತೇ ಗೆಲ್ಲತೊಡಗುತ್ತದೆ. ಬರವಣಿಗೆಯ ವೇಗ ನಿಯಂತ್ರಿಸುವ ಇಎಲ್‌ಎಲ್2 ಎಂಬ ಇನ್ನೊಂದು ಪ್ರೋಟೀನೂ ಪ್ಲಾಸ್ಮಾ ಕೋಶದಲ್ಲಿ ಅದರ ಪರ ನಿಲ್ಲುತ್ತದೆ. ಎರಡೂ ರೂಪ ಎಲ್ಲ ಹಂತದಲ್ಲೂ ಒಂದಿಷ್ಟು ಆಗುತ್ತಿರುತ್ತವೆ, ಬದಲಾಗುವುದು ಪಾಲು.

ಎಡವಿದರೆ ಏನಾಗುತ್ತದೆ ಎಂಬುದಕ್ಕೆ 1996ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಪದೇ ಪದೇ ಬ್ಯಾಕ್ಟೀರಿಯಾ ಸೋಂಕಿಗೆ ತುತ್ತಾಗುತ್ತಿದ್ದ, ರಕ್ತದಲ್ಲಿ ಬಿ ಕೋಶಗಳೇ ಕಾಣದ ಕೆಲವರ ಐಜಿಎಂ ಜೀನನ್ನು ಅದರಲ್ಲಿ ಓದಲಾಗಿತ್ತು. ಒಂದು ಕಡೆ ಕಂಡದ್ದು, ನಾಲ್ಕನೇ ಎಕ್ಸಾನಿನೊಳಗೆ ಅಡಗಿದ ಆ GUಗೆ ಸರಿಯಾಗಿ ಒಂದಕ್ಷರ ಹಿಂದೆ, G ಇರಬೇಕಾದಲ್ಲಿ A. ಅಷ್ಟಕ್ಕೇ ಕತ್ತರಿಗೆ ಗುರುತು ತಪ್ಪಿ, ನೆಟ್ಟ ರೂಪ ನಿಂತಿತು. ಸುರಿಯುವ ರೂಪದಲ್ಲಿ ಆದ ವ್ಯತ್ಯಾಸವೆಂದರೆ ಒಂದು ಅಮೈನೋ ಆಮ್ಲದ ಬದಲಿಗೆ ಇನ್ನೊಂದು. ಅದರ ಲಿಪಿಯ ಉಳಿದದ್ದೆಲ್ಲ ಹಾಗೇ ಇತ್ತು. ಆದರೂ ರಕ್ತದಲ್ಲಿ ಐಜಿಎಂ ಇರಲಿಲ್ಲ. ಅಸ್ಥಿಮಜ್ಜೆಯಲ್ಲಿ ಬೆಳೆಯುವ ಬಿ ಕೋಶ ತನ್ನ ಹೊರಪೊರೆಯಲ್ಲಿ ನೆಟ್ಟ ಪ್ರತಿಕಾಯ ತೋರಿಸದಿದ್ದರೆ ಮುಂದಿನ ಹಂತಕ್ಕೆ ಹೋಗುವುದಿಲ್ಲ, ಅಲ್ಲೇ ಸಾಯುತ್ತದೆ. ಸುರಿಯುವ ಬಾಲ ಜೀನಿನಲ್ಲಿ ಇದ್ದೇ ಇತ್ತು, ಅದನ್ನು ಬರೆಯುವ ಕೋಶ ಒಂದೂ ಉಳಿದಿರಲಿಲ್ಲ.